ಸರ್ಪಸುತ್ತು: ಗುಳ್ಳೆಗಿಂತ ಮೊದಲು ಬರುವ ಉರಿ

ಐವತ್ತು ದಾಟಿದವರಿಗೆ ಮೈಯ ಒಂದೇ ಪಕ್ಕದಲ್ಲಿ, ಒಂದು ಪಟ್ಟಿಯಷ್ಟು ಜಾಗದಲ್ಲಿ, ಕಾರಣ ಗೊತ್ತಾಗದ ಉರಿ ಶುರುವಾದರೆ ದಿನಾ ಬಟ್ಟೆ ಸರಿಸಿ ಆ ಜಾಗದ ಚರ್ಮ ನೋಡಿ. ಕೆಂಪು ಕಂಡ ದಿನವೇ ಡಾಕ್ಟರ ಹತ್ತಿರ ಹೋಗಿ. ಇದನ್ನು ಹೇಳಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಕೌಂಟರ್ ಹಿಂದೆ ನಿಂತವನಿಗೆ ಜನ ಬರುವ ಕ್ರಮ ಕಾಣುತ್ತದೆ. ಮೊದಲು ನೋವಿಗೆ ಹಚ್ಚುವ ಮುಲಾಮು ಕೇಳುತ್ತಾರೆ. ಮಾರನೇ ದಿನ ಗ್ಯಾಸ್ ಮಾತ್ರೆ. ಆಮೇಲೆ "ಗುಳ್ಳೆಗೆ ಏನಾದ್ರೂ ಕೊಡಿ, ಹಚ್ಚೋಕೆ" ಅನ್ನುತ್ತಾರೆ. ಕೊನೆಗೆ ಡಾಕ್ಟರ್ ಚೀಟಿ ಹಿಡಿದು ಬರುವ ಹೊತ್ತಿಗೆ ವಾರ ಕಳೆದಿರುತ್ತದೆ. ಸರ್ಪಸುತ್ತಿನಲ್ಲಿ ಆ ವಾರವೇ ಮುಖ್ಯ.

ನಮ್ಮ ಸೋದರಮಾವನ ವಿಷಯ ಹೇಳುತ್ತೇನೆ. ಪಾಂಡವಪುರದ ಕಡೆ ಹಳ್ಳಿ, ಕಬ್ಬು ಬೆಳೆಯುವವರು. ವಯಸ್ಸು 68, ಸಕ್ಕರೆ ಕಾಯಿಲೆ ಇದೆ. ಒಂದು ಶುಕ್ರವಾರ ಸಂಜೆ ಎಡಗಡೆ ಬೆನ್ನಿನಲ್ಲಿ ಉರಿ ಶುರುವಾಯಿತು. ಕಬ್ಬಿನ ಹೊರೆ ಎತ್ತಿದ್ದಕ್ಕೆ ಉಳುಕಿರಬೇಕು ಅಂತ ಶನಿವಾರ ಎಣ್ಣೆ ಹಾಕಿ ತಿಕ್ಕಿಸಿಕೊಂಡರು. ಉರಿ ಇನ್ನೂ ಜಾಸ್ತಿಯಾಯಿತು. ಭಾನುವಾರ ಅದು ಕಂಕುಳ ಕೆಳಗಿಂದ ಸುತ್ತಿ ಎದೆಯ ಮುಂಭಾಗಕ್ಕೆ ಬಂತು. ಎಡಗಡೆ ಎದೆ, ಸಕ್ಕರೆ ಕಾಯಿಲೆ ಬೇರೆ. ಮನೆಯವರು ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ಸರಿಯಾಗಿತ್ತು, ಹೃದಯದ ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಗ್ಯಾಸ್ ಇರಬಹುದು ಅಂತ ಮಾತ್ರೆ ಕೊಟ್ಟು ಕಳಿಸಿದರು.

ಆಸ್ಪತ್ರೆಗೆ ಹೋಗಿದ್ದು ನೂರಕ್ಕೆ ನೂರು ಸರಿ. ಎದೆನೋವು ಅಂದರೆ ಮೊದಲು ಹೃದಯವನ್ನೇ ನೋಡಿಸಬೇಕು, ಅದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು. ನನ್ನ ತಕರಾರು ಅದರ ನಂತರದ್ದಕ್ಕೆ. ರಿಪೋರ್ಟ್ ಎಲ್ಲಾ ಸರಿ ಇದೆ, ನೋವು ಮಾತ್ರ ಹೋಗಿಲ್ಲ, ನೋವಿರುವುದು ಒಂದೇ ಪಕ್ಕದಲ್ಲಿ ಅಂದಾಗ "ಎರಡು ಮೂರು ದಿನ ಚರ್ಮ ನೋಡಿಕೊಳ್ಳಿ, ಕೆಂಪಾದರೆ ತಕ್ಷಣ ಬನ್ನಿ" ಅಂತ ಯಾರಾದರೂ ಒಂದು ಮಾತು ಹೇಳಬೇಕಿತ್ತು. ಯಾರೂ ಹೇಳಲಿಲ್ಲ.

ಅವತ್ತು ರಾತ್ರಿ ಫೋನ್‌ನಲ್ಲಿ ಮಾವ ಹೇಳಿದ್ದು ಹೀಗೆ: "ಒಳಗೆ ನೋವಲ್ಲ ಕಣ್ ಮಗ, ಮೇಲೆ ಉರಿ. ಬನೀನು ತಗುಲಿದ್ರೂ ತಡ್ಕಳಕ್ ಆಗಲ್ಲ." ಬಟ್ಟೆ ಸವರಿದರೂ ಉರಿಯುತ್ತದೆ, ಚರ್ಮ ನೋಡಿದರೆ ಏನೂ ಇಲ್ಲ. ಮಾಂಸ ಉಳುಕಿದ್ದರೆ ಒತ್ತಿದಾಗ, ತಿರುಗಿದಾಗ ನೋಯುತ್ತದೆ. ಗ್ಯಾಸ್ ಆಗಿದ್ದರೆ ಬನೀನು ತಗುಲಿದ್ದಕ್ಕೆ ಉರಿಯುವುದಿಲ್ಲ. ಹೀಗೆ ಬರೀ ಸವರಿದ್ದಕ್ಕೇ ಉರಿಯುವುದು ಹೆಚ್ಚಾಗಿ ನರದ ನೋವು. ಕೆಲವರಿಗೆ ಉರಿಯ ಬದಲು ಜುಮ್ಮೆನ್ನುತ್ತದೆ, ತುರಿಕೆ ಬರುತ್ತದೆ, ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಅತ್ತೆಗೆ ಹೇಳಿದೆ, "ದಿನಾ ಬೆಳಿಗ್ಗೆ, ಸಂಜೆ ಬೆನ್ನು ನೋಡಿ, ಬೆಳಕಲ್ಲಿ ನಿಲ್ಲಿಸಿ ನೋಡಿ" ಅಂತ.

ಹೀಗಾಗುವುದಕ್ಕೆ ಕಾರಣ ಇದೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ನಮ್ಮ ಕಡೆ 'ಅಮ್ಮ' ಅನ್ನುವುದು ಬಂದಿರುತ್ತದಲ್ವಾ, ಅದೇ ವೈರಸ್ ಇದು. ಸಿಡುಬು ವಾಸಿಯಾದರೂ ವೈರಸ್ ಮೈಯಿಂದ ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದ ನರದ ಗಂಟುಗಳಲ್ಲಿ ಸುಮ್ನೆ ಅಡಗಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಅಲ್ಲೇ ಮತ್ತೆ ಏಳುತ್ತದೆ, ಒಂದು ನರ ಹಿಡಿದು ಚರ್ಮದ ಕಡೆ ಬರುತ್ತದೆ. ಬರುವ ದಾರಿಯಲ್ಲಿ ನರವನ್ನೇ ಕೆಡಿಸುತ್ತದೆ. ಅದಕ್ಕೇ ಮೊದಲು ಉರಿ, ಆಮೇಲೆ ಗುಳ್ಳೆ. ನಡುವೆ ಒಂದರಿಂದ ಐದು ದಿನ ಆಗಬಹುದು, ಕೆಲವರಿಗೆ ಇನ್ನೂ ಜಾಸ್ತಿ. ಉರಿ ಹಣೆಯಲ್ಲಿ ಬಂದರೆ ತಲೆನೋವು ಅಂದುಕೊಳ್ಳುತ್ತಾರೆ, ದವಡೆಯಲ್ಲಿ ಬಂದರೆ ಹಲ್ಲುನೋವು, ಪಕ್ಕೆಯಲ್ಲಿ ಬಂದರೆ ಕಿಡ್ನಿ ಕಲ್ಲು.

ಮಂಗಳವಾರ ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. ಬೆನ್ನುಮೂಳೆಯ ಎಡ ಪಕ್ಕದಲ್ಲಿ ಕೈಯಗಲ ಕೆಂಪಾಗಿದೆ, ಕಂಕುಳ ಕೆಳಗೂ ಒಂದು ಕಡೆ ಕೆಂಪು. ಸಂಜೆ ಹೊತ್ತಿಗೆ ಆ ಕೆಂಪಿನ ಮೇಲೆ ಸಣ್ಣ ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದವು. ವೈರಸ್ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಮಂಗಳವಾರ ಬೆಳಿಗ್ಗೆಯಿಂದ 72 ಗಂಟೆ ಅಂದರೆ ಶುಕ್ರವಾರ ಬೆಳಿಗ್ಗೆ. ಲೆಕ್ಕ ಶುರುವಾಗುವುದು ಕೆಂಪು ಕಂಡಾಗಿನಿಂದ, ಉರಿ ಶುರುವಾದಾಗಿನಿಂದ ಅಲ್ಲ.

ಊರಲ್ಲಿ ಬೇರೆ ಲೆಕ್ಕ ನಡೆಯುತ್ತಿತ್ತು. ಪಕ್ಕದ ಹಳ್ಳಿಯಲ್ಲಿ ಕೆಮ್ಮಣ್ಣಿನಲ್ಲಿ ಸರ್ಪ ಬರೆದು ಮಂತ್ರ ಹಾಕುವವರೊಬ್ಬರು ಇದ್ದಾರೆ. ಅವರು ಬರೆಯುವುದು ಭಾನುವಾರ ಮಾತ್ರ. ಅಲ್ಲಿಯವರೆಗೆ ಉಪ್ಪು ಬಿಡಬೇಕು, ಸ್ನಾನ ಮಾಡಬಾರದು, ಇಂಗ್ಲಿಷ್ ಔಷಧಿ ತಗೊಂಡರೆ ಸರ್ಪ ಕೆರಳುತ್ತದೆ ಅಂತ ದೊಡ್ಡವರೆಲ್ಲಾ ಹೇಳಿದರು. ಭಾನುವಾರ ಅಂದರೆ ಕೆಂಪು ಕಂಡು ಐದು ದಿನ ಕಳೆದಿರುತ್ತದೆ.

ನಂಬಿಕೆಯ ಮೇಲೆ ಜಗಳ ಮಾಡಿ ನಾನು ಯಾವತ್ತೂ ಗೆದ್ದಿಲ್ಲ, ಜಗಳ ಬೇಕೂ ಇಲ್ಲ. ಮಾವನಿಗೆ ಇಷ್ಟೇ ಹೇಳಿದೆ: "ಭಾನುವಾರ ಹೋಗೋದಾದ್ರೆ ಹೋಗಿ, ನಾಳೆ ಬೆಳಿಗ್ಗೆ ಮಾತ್ರ ನನ್ನ ಜೊತೆ ಡಾಕ್ಟರ ಹತ್ರ ಬನ್ನಿ. ಗುಳ್ಳೆ ಮೇಲೆ ಮಾತ್ರ ಏನೂ ಬಳಿಸಿಕೊಳ್ಳಬೇಡಿ." ಮಣ್ಣು, ಬೇವಿನ ಅರೆ, ಬೂದಿ ಬಳಿದರೆ ಒಡೆದ ಗುಳ್ಳೆಯಲ್ಲಿ ಕೀವು ಆಗಬಹುದು. ಡಾಕ್ಟರ್ ನೋಡೋಣ ಅಂದರೆ ಗುಳ್ಳೆಯೇ ಕಾಣುವುದಿಲ್ಲ.

ಬರೆಸಿಕೊಂಡವರಿಗೆಲ್ಲಾ ವಾಸಿಯಾಗಿದೆಯಲ್ಲ ಅಂತ ಕೇಳುತ್ತಾರೆ. ಆಗುತ್ತದೆ. ಹೊಸ ಗುಳ್ಳೆ ಮೂರರಿಂದ ಐದು ದಿನ ಏಳುತ್ತವೆ, ಒಂದು ವಾರ ಹತ್ತು ದಿನಕ್ಕೆ ಒಣಗಿ ಹಕ್ಕಳೆ ಕಟ್ಟುತ್ತವೆ, ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ವಾಸಿಯಾಗುತ್ತದೆ. ಏನೂ ಮಾಡದಿದ್ದರೂ ಹೆಚ್ಚಿನವರಿಗೆ ಹೀಗೇ. ಇನ್ನು ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಅನ್ನುವ ಭಯ. ನಮ್ಮ ಮೈಯ ಒಂದೊಂದು ನರವೂ ಒಂದು ಪಕ್ಕಕ್ಕೆ ಮಾತ್ರ ಹೋಗುತ್ತದೆ, ನಡು ಗೆರೆಯ ಹತ್ತಿರ ನಿಲ್ಲುತ್ತದೆ. ಹಾಗಾಗಿ ಗುಳ್ಳೆಯೂ ಅಲ್ಲೇ ನಿಲ್ಲುತ್ತದೆ. ಅಪರೂಪಕ್ಕೆ ಎರಡೂ ಪಕ್ಕ ಎದ್ದರೆ, ಇಲ್ಲಾ ಮೈ ತುಂಬಾ ಚೆದುರಿದರೆ, ಮೈಯ ರೋಗ ತಡೆಯುವ ಶಕ್ತಿ ತುಂಬಾ ಕುಗ್ಗಿರಬಹುದು. ಆಗ ತಡಮಾಡದೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಚರ್ಮ ವಾಸಿಯಾಗುವುದು ಖಂಡಿತ. ನರ ವಾಸಿಯಾಗುವುದು ಖಂಡಿತ ಅಲ್ಲ. ವ್ಯತ್ಯಾಸ ಇರುವುದೇ ಇಲ್ಲಿ. ಗುಳ್ಳೆಯ ಗುರುತೂ ಉಳಿಯದ ಮೇಲೆ ಮೂರು ತಿಂಗಳಾದರೂ ಉರಿ ಹೋಗದವರಿದ್ದಾರೆ. ವಯಸ್ಸು ಹೆಚ್ಚಾದಷ್ಟೂ ಇದರ ಸಾಧ್ಯತೆ ಜಾಸ್ತಿ. ನನ್ನ ಅಂಗಡಿಗೆ ಬರುವ ಒಬ್ಬರು ಅಜ್ಜಿ ರವಿಕೆ ತೊಡಲಾಗದೆ ಹಳೇ ಹತ್ತಿ ಸೀರೆ ಹೊದ್ದುಕೊಂಡೇ ಇರುತ್ತಾರೆ. ನರದ ನೋವಿಗೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಅನ್ನುವ ಮಾತ್ರೆಗಳಿವೆ. ಅವು ಸ್ವಲ್ಪ ಕೆಲಸ ಮಾಡುತ್ತವೆ, ಜೊತೆಗೆ ತಲೆ ಸುತ್ತು, ಮಂಪರು ತರುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ವಯಸ್ಸಾದವರಿಗೆ ಬೀಳುವ ಭಯ ಬೇರೆ.

ಬುಧವಾರ ಬೆಳಿಗ್ಗೆ ಚರ್ಮದ ಡಾಕ್ಟರು ನೋಡಿದರು. ಗುಳ್ಳೆ ನೋಡಿದ ತಕ್ಷಣ ಸರ್ಪಸುತ್ತು ಅಂದರು, ಬೇರೆ ಪರೀಕ್ಷೆ ಬೇಕಾಗಲಿಲ್ಲ. ಸಕ್ಕರೆ ಕಾಯಿಲೆ ಇದ್ದದ್ದರಿಂದ ಕಿಡ್ನಿ ಹೇಗಿದೆ ಅಂತ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಕೇಳಿದರು. ಕಿಡ್ನಿ ಸೋತಿದ್ದರೆ ವೈರಸ್ ತಡೆಯುವ ಮಾತ್ರೆಯ ಡೋಸ್ ಇಳಿಸಬೇಕಾಗುತ್ತದೆ. ಅದಕ್ಕೇ ಬೇರೆಯವರ ಚೀಟಿ ನೋಡಿ ಈ ಮಾತ್ರೆ ತಗೊಳ್ಳಬೇಡಿ, ನಮ್ಮಂಥ ಅಂಗಡಿಯವರೂ ಚೀಟಿ ಇಲ್ಲದೆ ಕೊಡಬಾರದು. ಮಾವನಿಗೆ ಬರೆದದ್ದು ವ್ಯಾಲಸೈಕ್ಲೋವಿರ್ 1000 ಎಂಜಿ, ದಿನಕ್ಕೆ ಮೂರು ಸಲ, ಏಳು ದಿನ. ನೀರು ಚೆನ್ನಾಗಿ ಕುಡಿಯಲು ಹೇಳಿದರು. ನೋವಿಗೆ ಪ್ಯಾರಾಸಿಟಮಾಲ್, ರಾತ್ರಿಗೊಂದು ನರದ ಮಾತ್ರೆ.

ಇದೇ ಗುಂಪಿನ ಹಳೆಯ ಮಾತ್ರೆ ಏಸೈಕ್ಲೋವಿರ್. ಅದೂ ಕೆಲಸ ಮಾಡುತ್ತದೆ. ಆದರೆ ಅದನ್ನು 800 ಎಂಜಿಯಂತೆ ದಿನಕ್ಕೆ ಐದು ಸಲ ತಗೊಳ್ಳಬೇಕು. ನಮ್ಮ ಜನಕ್ಕೆ ಮಾತ್ರೆ ಅಂದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಐದನ್ನು ಮೂರಕ್ಕೆ ಇಳಿಸಿಬಿಡುತ್ತಾರೆ, ಆಮೇಲೆ ಮಾತ್ರೆ ಹಿಡಿಯಲಿಲ್ಲ ಅನ್ನುತ್ತಾರೆ. ನಾನು ಸ್ಟ್ರಿಪ್ ಮೇಲೆ 6, 10, 2, 6, 10 ಅಂತ ಪೆನ್ನಿನಲ್ಲಿ ಬರೆದು ಕೊಡುತ್ತೇನೆ. ಇನ್ನು ಏಸೈಕ್ಲೋವಿರ್ ಕ್ರೀಮ್. ಸರ್ಪಸುತ್ತಿಗೆ ಅದರಿಂದ ಉಪಯೋಗ ಇಲ್ಲ. ವೈರಸ್ ಇರುವುದು ನರದಲ್ಲಿ, ಮೇಲೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಕ್ರೀಮ್ ಕೊಂಡವರು ಔಷಧಿ ಮಾಡಿದ್ದೇವೆ ಅಂದುಕೊಂಡು ಸುಮ್ಮನಾಗುತ್ತಾರೆ, ನನಗೆ ಅದೇ ಚಿಂತೆ.

ಮಾತ್ರೆ ಏನು ಮಾಡುತ್ತದೆ ಅಂತ ನಿಜ ಹೇಳಬೇಕು. ಅದು ವೈರಸ್ ಹೆಚ್ಚಾಗುವುದನ್ನು ತಡೆಯುತ್ತದೆ, ಮೈಯಿಂದ ಓಡಿಸುವುದಿಲ್ಲ. ಅದಕ್ಕೇ ವೈರಸ್ ಇನ್ನೂ ಹೆಚ್ಚುತ್ತಿರುವಾಗಲೇ ಕೊಡಬೇಕು. ಬೇಗ ಕೊಟ್ಟರೆ ಹೊಸ ಗುಳ್ಳೆ ಬೇಗ ನಿಲ್ಲುತ್ತವೆ, ಆ ದಿನಗಳ ನೋವಿನ ಜೋರು ಇಳಿಯುತ್ತದೆ. ತಿಂಗಳುಗಟ್ಟಲೆ ಉಳಿಯುವ ನೋವನ್ನು ಖಂಡಿತ ತಪ್ಪಿಸುತ್ತದೆ ಅಂತ ಯಾರೂ ಮಾತು ಕೊಡಲು ಆಗುವುದಿಲ್ಲ. 72 ಗಂಟೆ ದಾಟಿತು ಅಂತ ಮನೆಯಲ್ಲೇ ಕೂರಲೂಬೇಡಿ. ಹೊಸ ಗುಳ್ಳೆ ಇನ್ನೂ ಏಳುತ್ತಿದ್ದರೆ ಆಮೇಲೂ ಡಾಕ್ಟರು ಕೊಡುತ್ತಾರೆ.

ಮುಖದ ಮೇಲೆ ಬಂದರೆ 72 ಗಂಟೆಯ ಮಾತೇ ಬೇಡ, ಅವತ್ತೇ ಹೋಗಬೇಕು. ಹಣೆ, ರೆಪ್ಪೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ಇಳಿದಿರಬಹುದು. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು. ಕಣ್ಣು ಕೆಂಪಾಗುವವರೆಗೆ ಕಾಯಬೇಡಿ, ದೃಷ್ಟಿಯೇ ಹೋಗಬಹುದು. ಕಿವಿಯ ಸುತ್ತ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ಅಷ್ಟೇ ತುರ್ತು. ಮಂಡ್ಯದ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಚರ್ಮದ ವಿಭಾಗ, ಕಣ್ಣಿನ ವಿಭಾಗ ಎರಡೂ ಇವೆ.

ಮಾವನ ಮಗಳು ಆಗ ಬಾಣಂತನಕ್ಕೆ ಬಂದಿದ್ದಳು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಗುಲಿದರೆ, ಮೊದಲು ಅಮ್ಮ ಬಂದಿಲ್ಲದವರಿಗೆ ಅಮ್ಮ ಬರಬಹುದು. ಹಸುಗೂಸಿಗೆ, ಬಸುರಿಗೆ ಅದು ಅಪಾಯ. ಅವಳಿಗೆ ಚಿಕ್ಕಂದಿನಲ್ಲೇ ಬಂದಿತ್ತು, ಹಾಗಾಗಿ ಅವಳ ಬಗ್ಗೆ ಭಯ ಇರಲಿಲ್ಲ. ಗುಳ್ಳೆಗಳೆಲ್ಲಾ ಹಕ್ಕಳೆ ಕಟ್ಟುವವರೆಗೆ ಮಾವ ಬಟ್ಟೆಯಲ್ಲಿ ಮುಚ್ಚಿಕೊಂಡಿದ್ದರು, ಟವೆಲ್ ಬೇರೆ ಇಟ್ಟುಕೊಂಡರು, ಮಗುವನ್ನು ಎತ್ತಲಿಲ್ಲ. ಸ್ನಾನ ದಿನಾ ಮಾಡಿದರು. ಪಥ್ಯ ಅಂತ ಊಟ ಬಿಡಲು ನಾನು ಬಿಡಲಿಲ್ಲ. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಬೀಳುತ್ತಾರೆ.

ಶನಿವಾರದ ಹೊತ್ತಿಗೆ ಹೊಸ ಗುಳ್ಳೆ ನಿಂತವು. ಭಾನುವಾರ ಮಾವ ಸರ್ಪ ಬರೆಸಿಕೊಳ್ಳಲು ಹೋಗಲಿಲ್ಲ, ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬಂದರು. ಉರಿ ಎರಡನೇ ತಿಂಗಳವರೆಗೂ ಸ್ವಲ್ಪ ಸ್ವಲ್ಪ ಇತ್ತು, ಆಮೇಲೆ ಹೋಯಿತು.

ಅತ್ತೆಗೆ 63. ಅವರಿಗೂ ಅಮ್ಮ ಬಂದು ಹೋಗಿದೆ, ಅಂದರೆ ಅವರ ನರದಲ್ಲೂ ಅದೇ ವೈರಸ್ ಇದೆ. ಇದಕ್ಕೆ ಲಸಿಕೆ ಉಂಟಾ ಅಂತ ಡಾಕ್ಟರನ್ನು ಕೇಳಿದರು. ಉಂಟು, 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಐವತ್ತು ದಾಟಿದವರಿಗೆ, ತೋಳಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಒಂದೆರಡು ದಿನ ತೋಳು ನೋವು, ಮೈಕೈ ನೋವು, ಜ್ವರ ಬರಬಹುದು. ಬೆಲೆ ದುಬಾರಿ, ರೈತರ ಮನೆಗೆ ಸುಲಭವಲ್ಲ. ಕಬ್ಬಿನ ದುಡ್ಡು ಬಂದ ಮೇಲೆ ಮೊದಲ ಡೋಸ್ ಹಾಕಿಸೋಣ ಅಂತ ಮಾವನೇ ಹೇಳಿದ್ದಾರೆ.