ಆ "ಹೂಂ" ಒಪ್ಪಿಗೆಯಲ್ಲ

ಸಾಲದ ಕಂತು ಕೇಳುವ ಕಾಲ್‌ಗಳ ರೆಕಾರ್ಡಿಂಗ್ ಕೇಳಿ ಪರಿಶೀಲಿಸುವುದು ನನ್ನ ಕೆಲಸ. ಈಗೀಗ ಕಾಲ್ ಮುಗಿದ ಕೂಡಲೇ ಸಾರಾಂಶವನ್ನು ಸಾಫ್ಟ್‌ವೇರ್ ತಾನೇ ಬರೆದುಬಿಡುತ್ತದೆ. ಮುಂದಿನ ಸಲ ಫೋನ್ ಮಾಡುವವರು ರೆಕಾರ್ಡಿಂಗ್ ಕೇಳುವುದಿಲ್ಲ, ಆ ಎರಡು ಸಾಲು ಓದಿ ಡಯಲ್ ಮಾಡುತ್ತಾರೆ. ಅದರಲ್ಲಿ ತಪ್ಪಿದ್ದರೆ, "ನೀವೇ ಒಪ್ಪಿಕೊಂಡಿದ್ರಲ್ಲ ಮೇಡಂ" ಎಂಬ ಮಾತನ್ನು ಯಾರೋ ಒಬ್ಬ ಹೆಂಗಸು ಸುಮ್ಮನೆ ಕೇಳಿಸಿಕೊಳ್ಳಬೇಕಾಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಕಳೆದ ವಾರ ನನ್ನ ಮುಂದೆ ಬಂದ ಸಾರಾಂಶ ಇದು: "ಗ್ರಾಹಕರು 10ನೇ ತಾರೀಖಿನೊಳಗೆ 4,500 ರೂಪಾಯಿ ಕಟ್ಟಲು ಒಪ್ಪಿದ್ದಾರೆ. ಆಸ್ಪತ್ರೆ ಖರ್ಚಿನಿಂದಾಗಿ ಕಂತು ತಡವಾಗಿದೆ."

ಓದಲು ಎಷ್ಟು ಚೆಂದ! ನಾನು ಇಂಥದ್ದನ್ನು ಇಡಿಯಾಗಿ ಓದುವುದಿಲ್ಲ, ಬಿಡಿಸಿಕೊಳ್ಳುತ್ತೇನೆ. ಒಪ್ಪಿದ್ದು ಯಾರು, ಒಪ್ಪಿದ್ದು ಹೌದಾ, ಎಷ್ಟು, ಯಾವತ್ತು, ತಡವಾಗಿದ್ದು ಯಾಕೆ. ಒಂದೊಂದಕ್ಕೂ ರೆಕಾರ್ಡಿಂಗ್‌ನ ನಿಮಿಷ, ಸೆಕೆಂಡು ಬರೆಯಲೇಬೇಕು. ರೆಕಾರ್ಡಿಂಗ್‌ನಲ್ಲಿ ಅಂಥ ಜಾಗ ಸಿಗದಿದ್ದರೆ ಆ ಮಾತು ಯಾರೂ ಆಡಿಲ್ಲ ಎಂದೇ ಅರ್ಥ.

ಎರಡನೇ ನಿಮಿಷದಲ್ಲಿ ನಮ್ಮ ಹುಡುಗ ಹೇಳುತ್ತಾನೆ: "ಹತ್ತರೊಳಗೆ ನಾಲ್ಕೂವರೆ ಸಾವಿರ ಕಟ್ಟಿಬಿಡಿ ಮೇಡಂ." ಆಕೆ "ಹೂಂ" ಅನ್ನುತ್ತಾರೆ. ಸ್ವಲ್ಪ ಹೊತ್ತು ಮೌನ. ಆಮೇಲೆ, "ನೋಡೋಣ ಸರ್, ಅಣ್ಣನ್ನ ಕೇಳಿ ಹೇಳ್ತೀನಿ." ಮೊತ್ತ, ತಾರೀಖು ಎರಡೂ ನಮ್ಮವನ ಬಾಯಿಂದ ಬಂದವು. ಆಕೆಯ "ಹೂಂ" ಕೇಳಿಸ್ತಾ ಇದೆ ಎನ್ನುವ ಹೂಂ. ಕನ್ನಡ ಮಾತಾಡುವ ಯಾರಿಗೂ "ನೋಡೋಣ" ಎಂದರೆ ಒಪ್ಪಿಗೆಯಾಗಿ ಕೇಳಿಸುವುದಿಲ್ಲ.

ಮುಂದೆ ಒಂದು ಗಂಡಸಿನ ದನಿ: "ಸ್ವಲ್ಪ ನಾನು ಕೊಡ್ತೀನಿ ಬಿಡಿ, ಹತ್ತಕ್ಕೆ ಆಗುತ್ತೋ ಇಲ್ವೋ." ಅದು ಅಣ್ಣ. ಫೋನ್ ಸ್ಪೀಕರ್‌ನಲ್ಲಿತ್ತು. ನಮ್ಮಲ್ಲಿ ಏಜೆಂಟ್ ಮಾತು ಒಂದು ಚಾನೆಲ್‌ನಲ್ಲಿ, ಆ ಕಡೆಯದು ಇನ್ನೊಂದರಲ್ಲಿ ರೆಕಾರ್ಡ್ ಆಗುತ್ತದೆ. ಹಾಗಾಗಿ ನಮ್ಮವನ ಮಾತು ಆಕೆಯದಾಗುವುದು ಅಪರೂಪ. ಆದರೆ ಆ ಕಡೆ ಎಷ್ಟು ಜನ ಮಾತಾಡಿದರೂ ಎಲ್ಲರಿಗೂ ಒಂದೇ ಹೆಸರು, "ಗ್ರಾಹಕ". ಅಣ್ಣನ "ಕೊಡ್ತೀನಿ" ತಂಗಿಯ ಲೆಕ್ಕಕ್ಕೆ ಹೋಯಿತು, ಅವರ "ಇಲ್ವೋ" ಎಲ್ಲಿಯೋ ಬಿದ್ದುಹೋಯಿತು. ಕಾಲ್‌ನ ಮಾತನ್ನು ಸಾಫ್ಟ್‌ವೇರ್ ಬರಹಕ್ಕಿಳಿಸಿದ ಟ್ರಾನ್ಸ್‌ಕ್ರಿಪ್ಟ್ ಜೊತೆ ಮಾತ್ರ ತಾಳೆ ನೋಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ, ಏಕೆಂದರೆ ಹೆಸರು ತಪ್ಪಿದ್ದೇ ಅಲ್ಲಿ. ಕಿವಿಯಿಂದಲೇ ಕೇಳಬೇಕು.

ಇನ್ನು ಆಸ್ಪತ್ರೆ. ನಮ್ಮವನು ಕೇಳಿದ್ದು: "ಯಾಕೆ ಮೇಡಂ ಲೇಟು, ಆಸ್ಪತ್ರೆ-ಗೀಸ್ಪತ್ರೆ ಏನಾದ್ರೂ?" ಆಕೆ ಹೇಳಿದ್ದು: "ಏನೋ ಸರ್, ಈ ತಿಂಗಳು ಆಗ್ಲಿಲ್ಲ." ಅಷ್ಟೇ. ಕೇಳಿದವನ ಪ್ರಶ್ನೆ ಸಾರಾಂಶದಲ್ಲಿ ಆಕೆಯ ಉತ್ತರವಾಗಿ ಕೂತಿದೆ. ಆಕೆ ಹೇಳದೇ ಇದ್ದ ಕಾಯಿಲೆ ನಮ್ಮ ದಾಖಲೆಯಲ್ಲಿ ಇದೆ!

ಇನ್ನೊಂದು ಜಾಗದಲ್ಲೂ ಹೀಗೆಯೇ ಎಡವುತ್ತದೆ, ನಮ್ಮ "ಅಂತೆ". "ಬಡ್ಡಿ ಬಿಡ್ತಾರಂತೆ" ಎಂದು ಗ್ರಾಹಕರು ಹೇಳಿದರೆ ಅದು ಎಲ್ಲೋ ಕೇಳಿದ ಸುದ್ದಿ. ಸಾರಾಂಶದಲ್ಲಿ "ಅಂತೆ" ಉದುರಿ, "ಬಡ್ಡಿ ಮನ್ನಾ ಮಾಡುವುದಾಗಿ ತಿಳಿಸಲಾಯಿತು" ಎಂದಾಗುತ್ತದೆ. ತಿಳಿಸಿದ್ದು ಯಾರು? "ತಿಳಿಸಲಾಯಿತು", "ಚರ್ಚಿಸಲಾಯಿತು" ಕಂಡ ಕಡೆಯೆಲ್ಲ ನಾನು ನಿಲ್ಲಿಸಿ ಕೇಳುತ್ತೇನೆ. ಕ್ರಿಯಾಪದ ಹಾಗಿದ್ದರೆ ಆಡಿದವರು ಮಾಯವಾಗಿರುತ್ತಾರೆ.

ಮೌನದ ಜಾಗಗಳನ್ನೂ ಬಿಡುವುದಿಲ್ಲ. 2024ರಲ್ಲಿ ಅಮೆರಿಕದ ಕಾರ್ನೆಲ್ ಮುಂತಾದ ವಿಶ್ವವಿದ್ಯಾಲಯಗಳ ಸಂಶೋಧಕರು ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ಸಾಫ್ಟ್‌ವೇರ್ ಪರೀಕ್ಷಿಸಿದ್ದರು. ಅವರು ನೋಡಿದ ಇಂಗ್ಲಿಷ್ ತುಣುಕುಗಳಲ್ಲಿ ಸುಮಾರು ಶೇಕಡಾ 1ರಲ್ಲಿ ಯಾರೂ ಆಡದ ವಾಕ್ಯಗಳು ಸೇರಿಕೊಂಡಿದ್ದವು. ಮಾತಿನ ನಡುವೆ ಹೆಚ್ಚು ಹೊತ್ತು ಸುಮ್ಮನಾಗುವವರಲ್ಲಿ ಅದು ಜಾಸ್ತಿ. ದುಡ್ಡಿಲ್ಲದವರು ಕಂತಿನ ಮಾತು ಬಂದಾಗ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎನ್ನುವುದು ನಮ್ಮ ಕಿವಿಗೆ ಗೊತ್ತು.

ಏಳು ನಿಮಿಷದ ಈ ಕಾಲ್‌ಗೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಎಲ್ಲ ಕಾಲ್‌ಗೂ ಹೀಗೆ ಕೂರಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ದುಡ್ಡು, ತಾರೀಖು, ಒಪ್ಪಿಗೆ, ಕಾರಣ ಈ ನಾಲ್ಕು ಬಂದ ಸಾಲುಗಳನ್ನಾದರೂ ಹತ್ತು ಸೆಕೆಂಡು ಹಿಂದಿನಿಂದ ಕೇಳಲೇಬೇಕು. ಬರೀ "ಹೂಂ" ಕೇಳಿದರೆ ಅದು ಯಾವುದಕ್ಕೆ ಹೂಂ ಎಂದು ತಿಳಿಯುವುದಿಲ್ಲ.

ತಿದ್ದಿ ಬರೆದೆ: "10ರೊಳಗೆ 4,500 ಕಟ್ಟುವಂತೆ ಏಜೆಂಟ್ ಕೇಳಿದರು. ಗ್ರಾಹಕರು ಅಣ್ಣನನ್ನು ಕೇಳಿ ಹೇಳುವುದಾಗಿ ಹೇಳಿದರು, ಒಪ್ಪಿಲ್ಲ. ಜೊತೆಗಿದ್ದ ಅಣ್ಣ ಸ್ವಲ್ಪ ಕೊಡುವುದಾಗಿ ಹೇಳಿದರು, ಮೊತ್ತ ಹೇಳಿಲ್ಲ, 10ಕ್ಕೆ ಆಗುವುದು ಖಚಿತವಿಲ್ಲ ಎಂದರು. ತಡವಾದ ಕಾರಣ ಗ್ರಾಹಕರು ಹೇಳಿಲ್ಲ."

ಟೀಮ್ ಲೀಡರ್ ನೋಡಿ, "ಹಾಗಾದ್ರೆ ಪಿಟಿಪಿ ಕಾಲಮ್‌ಗೆ ಏನು ಹಾಕೋದು?" ಎಂದರು. ಕಟ್ಟುತ್ತೇನೆಂದು ಕೊಟ್ಟ ಮಾತಿಗೆ ನಮ್ಮಲ್ಲಿ ಪಿಟಿಪಿ ಅನ್ನುತ್ತಾರೆ.

"ಖಾಲಿ ಬಿಡಿ ಸರ್. ಈ ಕಾಲ್‌ನಲ್ಲಿ ಆಕೆ ಮಾತು ಕೊಟ್ಟಿಲ್ಲ."