ಮಾಮಾನ ಡಿಪಿ ಪುರಾಣ

ಫೈನಾನ್ಸಿನ್ಯಾಗ ತಲಿ ಹಣ್ಣಾದ ಮಂದಿ ಫೋಟೊ ವಿಷಯಕ್ಕ ಬಂದ್ರ ಭಾಳ ಧೈರ್ಯ ಮಾಡ್ತಾರ ನೋಡ್ರಿ. ಟ್ರಯಲ್ ಬ್ಯಾಲೆನ್ಸಿನ್ಯಾಗ ಒಂದ್ ರೂಪಾಯಿ ಫರಕ ಬಂದ್ರ ಊಟಾ ಬಿಡೋ ನಮ್ಮ ಮಾಮಾ ಲಿಂಕ್ಡ್‌ಇನ್‌ಗೆ ಹಾಕ್ಕೊಂಡಿದ್ದು ಮಗಳ ಮದುವಿ ಫೋಟೊ. ತಲಿಮ್ಯಾಲೆ ಪಟಗಾ, ಹಣಿಮ್ಯಾಲೆ ಅಕ್ಷತಿ, ಹೆಗಲ ಮ್ಯಾಲೆ ಯಾರದೋ ಕೈ. ಬೀಗರದ್ದಂತ ಅದು. ಬೀಗರ್ನ ಕ್ರಾಪ್ ಮಾಡಿ ತಗದಾರ, ಕೈ ಮಾತ್ರ ಉಂಗುರದ ಸಮೇತ ಅಲ್ಲೇ ಉಳದತಿ.

ಮಾಮಾ ತಾರಿಹಾಳದ ಕಡೆ ಒಂದ್ ಕಂಪನಿ ಫೈನಾನ್ಸ್ ಹೆಡ್. ಬ್ಯಾಂಕಿನವ್ರು ಸಾಲದ ಮಾತಿಗೆ ಕೂಡೋಕಿಂತ ಮೊದಲ ಇವ್ರ ಪ್ರೊಫೈಲ್ ತಗದು ನೋಡ್ತಾರಂತ, ಅದಕ್ಕ "ಏ ಅಳಿಯಾ, ಒಂದ್ ಗಂಭೀರ ಫೋಟೊ ಹಾಕ್ಕೊಡಪಾ" ಅಂದ್ರು.

ಮೊದಲ ಸ್ಟುಡಿಯೋ ಫೋಟೊ ಕಳಿಸಿದ್ರು. ತಿಳಿನೀಲಿ ಪರದೆ, ಸ್ಟುಡಿಯೋದವ ಮುಖದ ಸುಕ್ಕೆಲ್ಲಾ ಒರಸಿ, ಕೂದಲಕ್ಕ ಕರಿ ಬಳದು, ಮಾಮಾನ್ನ ನನ್ನ ವಾರಗಿಯವನ ಮಾಡಿಟ್ಟಿದ್ದ. ಈ ಫೋಟೊ ನೋಡಿದವ ನಾಳೆ ಮೀಟಿಂಗಿಗೆ ಬಂದು ಖರೇ ಮಾಮಾನ್ನ ನೋಡಿದ್ರ "ನಿಮ್ಮ ಮಗಾ ಬರೋದಿಲ್ಲೇನ್ರೀ" ಅಂತ ಕೇಳ್ತಾನ. ಲೆಕ್ಕ ನೋಡೋ ಮನಶ್ಯಾಗ ನರಿಗೂದ್ಲಾ ಇದ್ರನ ತೂಕಾ.

ಎರಡನೇದು ಆಫೀಸಿನ್ಯಾಗ ಪ್ಯೂನ್ ಕಡೆ ತಗಸಿದ್ದು. ಇದು ಚಲೋ ಇತ್ತು, ಮುಖಾ ಸ್ವಚ್ಛ, ಅಂಗಿ ಸ್ವಚ್ಛ. ಆದ್ರ ಹಿಂದ ಮಾನಿಟರ್ ಚಾಲೂ ಇತ್ತು, ನಾ ಸುಮ್ನ ಝೂಮ್ ಮಾಡಿದ್ರ ಎಕ್ಸೆಲ್ ಶೀಟಿನ್ಯಾಗ ಆ ಕ್ವಾರ್ಟರಿನ ಸೇಲ್ಸು, ಲಾಭಾ ಎಲ್ಲಾ ಓದಾಕ ಬರ್ತಿತ್ತು. ರಿಸಲ್ಟ್ ಇನ್ನೂ ಹೊರಗ ಬಿದ್ದಿದ್ದಿಲ್ಲ, ಕಂಪನಿ ನೋಡಿದ್ರ ಶೇರ್ ಮಾರ್ಕೆಟ್ಟಿನ್ಯಾಗ ಲಿಸ್ಟ್ ಆದದ್ದು. ಹಂಗ ಒಳಗಿನ ಅಂಕಿ ಹೊರಗ ಬಿಡಬಾರದು ಅಂತ ಸೆಬಿದವ್ರು 2015ರಾಗನ ಇನ್ಸೈಡರ್ ಟ್ರೇಡಿಂಗ್ ನಿಯಮ ಮಾಡ್ಯಾರ, ಅದನ್ನ ಆಫೀಸಿನ್ಯಾಗ ಎಲ್ಲಾರಿಗೂ ಪಾಠಾ ಹೇಳಾವ್ರು ಸ್ವತಃ ಮಾಮಾ! ಫೋನ್ ನನ್ನ ಕೈಯಾಗಿಂದ ಕಸಗೊಂಡು ಗ್ಯಾಲರಿ, ರಿಸೈಕಲ್ ಬಿನ್ನು, ಪ್ಯೂನಿನ ಫೋನು ಎಲ್ಲಾ ಕಡೆ ಡಿಲೀಟ್ ಮಾಡಿಸಿದ್ರು.

ಕಡೀಕ ಮನಿ ಪಡಸಾಲಿ ಕಿಡಕಿ ಮುಂದ ನಿಂದರ್ಸಿದೆ. ಬೆಳಕು ಮುಖದ ಮ್ಯಾಲೆ ಬೀಳಬೇಕು, ಬೆನ್ನ ಹಿಂದ ಕಿಡಕಿ ಬಂತಂದ್ರ ಮನಶ್ಯಾ ಕರ್ರಗ ನೆರಳಾಗಿಬಿಡ್ತಾನ. ಫೋನ್ ಮುಖಕ್ಕ ಹಿಡಿದ್ರ ಮೂಗು ಬದನಿಕಾಯಿ ಆಗ್ತತಿ, ಅದಕ್ಕ ನಾ ನಾಕೈದು ಫೂಟ್ ಹಿಂದ ಸರದು ಎರಡು ಪಟ್ಟು ಝೂಮ್ ಇಟ್ಟು ತಗದೆ. ಸಣ್ಣ ಗೀರಿನ ಅಂಗಿ ಹಾಕ್ಕೊಂಡು ಬಂದಿದ್ರು, ಫೋಟೊ ಸಣ್ಣದು ಮಾಡಿದ ಕೂಡ್ಲೆ ಆ ಗೀರು ಅಲೆ ಅಲೆ ಹೊಡಿತಾವ, ತಗಸಿ ಪ್ಲೇನ್ ಹಾಕ್ಸಿದೆ. ಲಿಂಕ್ಡ್‌ಇನ್‌ನವರ ಗೋಲ್ ಚೌಕಟ್ಟಿನ್ಯಾಗ ಮುಖಾ ಅರ್ಧಕ್ಕಿಂತ ಜಾಸ್ತಿ ಜಾಗಾ ತುಂಬಬೇಕು, ಯಾಕಂದ್ರ ಕಮೆಂಟಿನ ಪಕ್ಕ ಅದು ಉಗುರಿನಷ್ಟ ಕಾಣ್ತತಿ. ಆ ಸೈಜಿನ್ಯಾಗ ನಮ್ಮ ಅತ್ತಿಯವ್ರಿಗೆ ತೋರಿಸ್ದೆ. "ಇವ್ರಽ ಅದಾರ, ಆದ್ರ ಯಾಕ ನಗಾಕತ್ತಾರ?" ಅಂದ್ರು. ಗುರ್ತು ಹಿಡದ್ರಲ್ಲಾ, ಪಾಸು.

ಇನ್ನ ಪ್ರೊಫೈಲ್ ಫೋಟೊದ ಹಿಂದ ಬರೋ ಬ್ಯಾನರು. ಮಾಮಾಗ ಗೂಳಿ ಬೇಕಿತ್ತು, ಗೂಳಿ ಹಿಂದ ಹಸರ ಬಾಣ ಮ್ಯಾಕ್ಕ ಹೊಂಟಿರಬೇಕು, ಕೆಳಗ ರೊಕ್ಕದ ರಾಶಿ. ಅದು ಶೇರ್ ಟಿಪ್ಸ್ ಮಾರಾವ್ರ ಬ್ಯಾನರು ಮಾಮಾ, ನೀವು ಸಾಲಾ ತಗೊಳ್ಳಾವ್ರು, ಬ್ಯಾಂಕಿನವ ಹೆದರಿ ಓಡ್ತಾನ ಅಂದೆ. ಬ್ಯಾನರಿನ ಅಳತಿ 1584ಕ್ಕ 396 ಪಿಕ್ಸೆಲ್, ಅಂದ್ರ ಎತ್ತರಕ್ಕ ನಾಕು ಪಟ್ಟು ಉದ್ದ, ಪಟ್ಟಿ ಇದ್ದಂಗ. "ಉದ್ದಂದೇ ಬೇಕಂದ್ರ ನಮ್ಮ ಹುಬ್ಬಳ್ಳಿ ಸ್ಟೇಶನ್ ಪ್ಲಾಟ್‌ಫಾರ್ಮ್ ಹಾಕು, 1507 ಮೀಟರ್ ಐತಿ, ಜಗತ್ತಿನ್ಯಾಗನ ಉದ್ದಂದು!" ಅಂದ್ರು. ಹಾಕಿ ನೋಡಿದೆ. ಅದರ ಮುಂದ ಮಾಮಾ ಟೈ ಹಾಕ್ಕೊಂಡ ಸ್ಟೇಶನ್ ಮಾಸ್ತರ.

ಆಮ್ಯಾಲೆ ದಟ್ಟ ನೀಲಿ ಪ್ಲೇನ್ ಬಣ್ಣ, ಮ್ಯಾಲೆ ಒಂದು ಸಾಲು. ಮಾಮಾ ತಾವ ಟೈಪ್ ಮಾಡಿ ಎಡಗಡೆ ಕೆಳಗ ಕೂಡಿಸಿದ್ರು, ಅಲ್ಲೇ ಪ್ರೊಫೈಲ್ ಫೋಟೊ ಬಂದು ಕುಂದರ್ತತಿ, "ಕಾಸ್ಟ್ ಕಂಟ್ರೋಲ್ ಮತ್ತು ಟ್ಯಾಕ್ಸ್" ಅನ್ನೋದ್ರಾಗ "ಟ್ಯಾಕ್ಸ್" ಒಂದಽ ಹೊರಗ ಉಳೀತು, ಇನ್ಕಮ್ ಟ್ಯಾಕ್ಸ್ ನೋಟಿಸ್ ಬಂದಂಗ. ಬಲಕ್ಕ, ಮ್ಯಾಲೆ ಸರಿಸಿ ಲ್ಯಾಪ್‌ಟಾಪಿನ್ಯಾಗೊಮ್ಮೆ ಮೊಬೈಲಿನ್ಯಾಗೊಮ್ಮೆ ತಗದು ನೋಡಿದೆ, ಎರಡರಾಗೂ ಫೋಟೊ ಮುಚ್ಚೋ ಜಾಗಾ ಬ್ಯಾರೆ ಬ್ಯಾರೆ.

ಹಾಕಿದ ಮರದಿನಾನ ಮೆಸೇಜು: "ಸರ್, ತಮ್ಮಂಥ ಹಿರಿಯ ಫೈನಾನ್ಸ್ ಲೀಡರ್‌ಗೆ ನಮ್ಮ ಸಾಫ್ಟ್‌ವೇರ್ ಡೆಮೊ ತೋರಿಸ್ಬೇಕಿತ್ತು, ಹದಿನೈದ್ ನಿಮಿಷ ಕೊಡ್ತೀರಾ?" ಪಟಗಾದ ಫೋಟೊ ಇದ್ದಾಗ ಒಬ್ಬಾಂವನೂ ಕೇಳಿದ್ದಿಲ್ಲ. ಮಾಮಾ ಈಗ ದಿನಾ ಅಂಥವ್ರಿಗೆ ಉತ್ತರಾ ಬರಿಯೂ ಕೆಲಸಾ ನನಗ ಹಚ್ಯಾರ.