ಬಾಸ್ ತಿರುಗೋದು ಯಾವಾಗ?

"ಥ್ರೆಟ್‌ನಲ್ಲಿ ಟ್ಯಾಂಕನ್ನ ದಾಟಿದ್ರೂ ಬಾಸ್ ನನ್ನ ಕಡೆ ತಿರುಗಲಿಲ್ಲ, ಯಾಕೆ?"

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ಬರೀ ದಾಟಿದರೆ ಸಾಲದು. ಬಾಸ್‌ಗೆ ಅಂಟಿಕೊಂಡು ಹೊಡೆಯುವವರು ಟ್ಯಾಂಕಿನ ಥ್ರೆಟ್‌ನ ಶೇ. 110 ಮೀರಬೇಕು, ದೂರದಲ್ಲಿರುವವರು ಶೇ. 130. ಟ್ಯಾಂಕಿನದು 10,000 ಇದ್ದರೆ ರೋಗ್‌ಗೆ ಗಡಿ 11,000, ಮೇಜ್‌ಗೆ 13,000.

ಎಡವಟ್ಟಾಗೋದು ಇಲ್ಲೇ: 12,000 ಇರುವ ಮೇಜ್ ದೂರದಲ್ಲಿ ಕ್ಷೇಮ. ಬೆಂಕಿ ತಪ್ಪಿಸಿಕೊಳ್ಳಲು ಬಾಸ್ ಹತ್ತಿರ ಓಡಿಬಂದು ಒಂದು ಸ್ಪೆಲ್ ಹಾಕಿದರೆ ಸಾಕು, ಗಡಿ 11,000ಕ್ಕೆ ಇಳಿದಿರುತ್ತದೆ, ಬಾಸ್ ತಿರುಗಿಬಿಡುತ್ತಾನೆ. ಆಗ ಟ್ಯಾಂಕ್ ಟಾಂಟ್ ಹಾಕಿದರೆ ಅವರ ಥ್ರೆಟ್ ಮೇಜ್‌ನಷ್ಟಕ್ಕೇ ಏರುತ್ತದೆ. ದಯವಿಟ್ಟು ಆ ಕೆಲವು ಸೆಕೆಂಡು ಕೈ ಕಟ್ಟಿ ನಿಲ್ಲಿ.

ಹೀಲರ್‌ಗಳಿಗೆ ಭಯ ಕಡಿಮೆ. ಹೀಲ್‌ನ ಅರ್ಧದಷ್ಟೇ ಥ್ರೆಟ್, ತುಂಬಿದ ಆರೋಗ್ಯದ ಮೇಲೆ ಸುರಿದದ್ದು ಲೆಕ್ಕಕ್ಕೇ ಇಲ್ಲ.